ಮಗುವೂ ಕೂಸೂ: ಎಂಟನೇ ತರಗತಿಯಲ್ಲಿ ಸಂಧಿ

ಕುಷ್ಟಗಿ ಕಡೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ಕನ್ನಡ ಮಾಸ್ತರ. ಮೊದಲೆಲ್ಲ ಸಂಧಿ ಪಾಠವನ್ನು ಸೂತ್ರದಿಂದಲೇ ಶುರು ಮಾಡುತ್ತಿದ್ದೆ. ಹುಡುಗರು ಅದನ್ನು ಗಿಳಿಯ ಹಾಗೆ ಒಪ್ಪಿಸುತ್ತಿದ್ದರು, ಮರುದಿನ ಪುಸ್ತಕದಲ್ಲಿಲ್ಲದ ಒಂದು ಪದ ಕೊಟ್ಟರೆ ಬಾಯಿ ಬಿಡುತ್ತಿರಲಿಲ್ಲ. ಹೋದ ವರ್ಷ ಲೋಪ, ಆಗಮ ಎರಡನ್ನೂ ತಿರುವಿ ಹಾಕಿದೆ. ಸಂಧಿಯ ಹೆಸರನ್ನೇ ಎತ್ತದೆ ಬೋರ್ಡಿನ ಮೇಲೆ ಆರು ಪದ ಬರೆದೆ: ಊರನ್ನು, ಕಾಲನ್ನು, ಕೂಸನ್ನು, ಮಗುವನ್ನು, ಕರುವನ್ನು, ಕೆರೆಯನ್ನು. "ಇವನ್ನ ಬಿಡಿಸ್ರಿ, ಯಾವ ಅಕ್ಷರ ಹೋತು, ಯಾವುದು ಬಂತು ಅಷ್ಟ ಹೇಳ್ರಿ" ಅಂದೆ.

ಮೊದಲ ಎಡವಟ್ಟು ನಾನು ನಿರೀಕ್ಷಿಸಿದ್ದೇ. ಅರ್ಧ ತರಗತಿ 'ಊರ + ಅನ್ನು' ಎಂದು ಬಿಡಿಸಿತ್ತು. ತಪ್ಪು ಹುಡುಗರದಲ್ಲ, ನಮ್ಮ ಲಿಪಿಯದು. 'ರು' ಒಂದೇ ಅಕ್ಷರವಾಗಿ ಕಾಣುತ್ತದೆ, ಒಳಗಿನ ಉಕಾರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ದೊಡ್ಡದಾಗಿ 'ಊ ರ್ ಉ' ಎಂದು ಬರೆದು, ಪಕ್ಕದಲ್ಲಿ 'ಅ ನ್ನು' ಬರೆದು, ಡಸ್ಟರಿನಿಂದ ಉಕಾರವನ್ನು ಮುಚ್ಚಿ ಓದಿಸಿದೆ. ರ್ ಮತ್ತು ಅ ತಾವೇ ಕೂಡಿ 'ರ' ಆದವು. ಈ ಡಸ್ಟರಿನ ಕೆಲಸಕ್ಕೆ ಹತ್ತು ನಿಮಿಷ ಹೋಯಿತು. ಅದನ್ನು ಬಿಟ್ಟು ಮುಂದೆ ಹೋದವರು ಆಮೇಲೆ ಅಲ್ಲಿಗೇ ವಾಪಸ್ ಬರಬೇಕಾಗುತ್ತದೆ.

ಆಮೇಲೆ ಎರಡು ಗುಂಪು ಬೇಗ ಆದವು: ಉಕಾರ ಹೋದವು ಒಂದು ಕಡೆ, ಯ ಅಥವಾ ವ ಬಂದವು ಇನ್ನೊಂದು ಕಡೆ. ಕೆರೆಗೆ ಯ, ಕರುವಿಗೆ ವ ಯಾಕೆ ಎಂಬುದು ಕಷ್ಟವಾಗಲಿಲ್ಲ. ಉ, ಊ, ಓ ಅನ್ನುವಾಗ ತುಟಿ ದುಂಡಗಾಗುತ್ತದೆ, ವ ಅನ್ನಲು ತುಟಿ ಆಗಲೇ ಸಿದ್ಧ. ಮನೆಯಲ್ಲಿ ಅವರು 'ಕೆರ್ಯಾಗ', 'ಮನ್ಯಾಗ' ಅನ್ನುತ್ತಾರೆ. ಆ ಯಕಾರ ಅವರ ಬಾಯಲ್ಲೇ ಇತ್ತು.

ನಿಜವಾದ ಗಂಟು ಬೇರೆ. ಕೂಸು, ಮಗು ಎರಡರ ಅರ್ಥವೂ ಒಂದೇ, ಎರಡರ ಕೊನೆಗೂ ಉಕಾರ. ಒಂದರಲ್ಲಿ ಅದು ಹೋಗುತ್ತದೆ, ಇನ್ನೊಂದರಲ್ಲಿ ಉಳಿಯುತ್ತದೆ. ಯಾಕೆ? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾನು ಬಾಯಿ ಬಿಗಿಹಿಡಿದೆ (ಮಾಸ್ತರಿಗೆ ಇದೇ ಕಠಿಣ). "ಹಂಗಾದ್ರ ಮಗುವಿನ ಉಕಾರಾನೂ ತೆಗೆದು ನೋಡ್ರಿ" ಅಂದೆ ಅಷ್ಟೆ. 'ಮಗನ್ನು' ಆಯಿತು. ಹಿಂದಿನ ಬೆಂಚಿನ ಹುಡುಗಿ ನಕ್ಕಳು: "ಸರ್, ಅದು ಮಗನ್ನ ಅಂದಂಗ ಆತ್ರಿ. ಹೆಣ್ಣುಕೂಸು ಇದ್ರ ಏನ್ ಮಾಡಾದ್ರಿ?"

ನನಗೆ ಬೇಕಿದ್ದದ್ದು ಅದೇ. ಅರ್ಥ ಕೆಡದಿದ್ದರೆ ಲೋಪ, ಕೆಡುವಂತಿದ್ದರೆ ಲೋಪವಿಲ್ಲ, ಅಲ್ಲಿ ಆಗಮ ಎಂಬ ಷರತ್ತನ್ನು ಅವಳು ಸೂತ್ರ ಓದದೇ ಹೇಳಿದ್ದಳು.

ಅಷ್ಟರಲ್ಲಿ ಒಬ್ಬ ಹುಡುಗ ತನ್ನದೇ ನಿಯಮ ತಂದ: "ಎರಡೂ ಅಕ್ಷರ ಗಿಡ್ಡ ಇದ್ರ ವ ಬರ್ತೈತ್ರಿ, ಮೊದಲಿಂದು ಉದ್ದ ಇದ್ರ ಉ ಹೋಗ್ತೈತ್ರಿ." ಪರೀಕ್ಷೆಗೆ ಹಸು, ನಗು, ಹಣ್ಣು, ಹೆಸರು ಕೊಟ್ಟೆ. ಹಸುವನ್ನು, ನಗುವನ್ನು ಸರಿಹೋದವು. ಹಣ್ಣನ್ನು ಎಂಬಲ್ಲಿ ಒತ್ತಕ್ಷರದಿಂದ ಮೊದಲಿನ ಹಕಾರ ಭಾರವಾಗುತ್ತದೆ ಎಂದು ಚಪ್ಪಾಳೆ ತಟ್ಟಿ ಒಪ್ಪಿಕೊಂಡ. 'ಹೆಸರು' ಮೂರಕ್ಷರದ್ದು, ಅಲ್ಲೂ ಉಕಾರ ಹೋಗುತ್ತದೆ ಎಂದು ನಿಯಮಕ್ಕೆ ಒಂದು ಬಾಲ ಸೇರಿಸಿದ. ಅವನ ನಿಯಮ ಪುಸ್ತಕದ ಸಾಲಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ ಅಂತ ನನಗನ್ನಿಸಿತು. ಆದರೆ ನಾನು 'ಅದು' ಬರೆದೆ. ಎರಡೂ ಗಿಡ್ಡ, ಆದರೂ 'ಅದನ್ನು'. ಮುಂದೆ 'ವಸ್ತು' ಬರೆದೆ. ಮೊದಲನೆಯದು ಭಾರ, ಆದರೂ 'ವಸ್ತುವನ್ನು'. ವಸ್ತು, ಸಾಧು ಸಂಸ್ಕೃತದಿಂದ ಬಂದವು, ಅವುಗಳ ಉಕಾರ ಸುಲಭಕ್ಕೆ ಜಾಗ ಬಿಡುವುದಿಲ್ಲ ಎಂದಷ್ಟೇ ಹೇಳಿ, 'ಅದು' ಪದವನ್ನು ಬೋರ್ಡಿನ ಮೂಲೆಯಲ್ಲಿ ಒಂದು ಚೌಕದೊಳಗೆ ಕೂಡಿಸಿದೆ.

ಲೋಪ, ಆಗಮ ಎಂಬ ಹೆಸರು ಕೊಟ್ಟದ್ದು ಪಿರಿಯಡ್ಡಿನ ಕೊನೆಯ ಐದು ನಿಮಿಷದಲ್ಲಿ. ಅಷ್ಟು ಹೊತ್ತಿಗೆ ಅವು ಅವರಿಗೆ ಗೊತ್ತಿದ್ದ ಸಂಗತಿಗೆ ಇಟ್ಟ ಹೆಸರುಗಳಾಗಿದ್ದವು.

ಒಂದು ಎಚ್ಚರ. ಮೊದಲ ದಿನದ ಪಟ್ಟಿಯಲ್ಲಿ ಅಕಾರಾಂತ ಪದ ಬೇಡ. ಮೊದಲ ಸಲ ಉತ್ಸಾಹದಿಂದ ಬಸ್ ಬೋರ್ಡಿನ ಹೆಸರುಗಳನ್ನೆಲ್ಲ ಹಾಕಿದ್ದೆ. ಸಿಂಧನೂರಲ್ಲಿ, ಗಂಗಾವತಿಯಲ್ಲಿ ಎಂಬವು ಚೆನ್ನಾಗಿಯೇ ಬಂದವು. 'ಕೊಪ್ಪಳದಲ್ಲಿ' ಬಂದದ್ದೇ ತಡ, "ಈ ದ ಎಲ್ಲಿಂದ ಬಂತ್ರಿ?" ಎಂದು ತರಗತಿಯೆಲ್ಲ ಎದ್ದಿತು. ಶಾಲೆಯ ಸಂಧಿ ಪಾಠದ ಆಗಮದಲ್ಲಿ ಇರುವುದು ಯ, ವ ಮಾತ್ರ. ದಕಾರ ವಿಭಕ್ತಿಯ ಪಾಠಕ್ಕೆ ಸೇರಿದ್ದು ಎಂದು ಎಷ್ಟು ಹೇಳಿದರೂ ಆ ಪಿರಿಯಡ್ ನನ್ನ ಕೈಗೆ ಬರಲಿಲ್ಲ. ಆದ್ದರಿಂದ ಈ ಸಲ ಕೊಪ್ಪಳವನ್ನು ಜಾಣತನದಿಂದ ಹೊರಗಿಟ್ಟಿದ್ದೆ.

ಮನೆಯಿಂದ ಹತ್ತು ಪದ ತರಲು ಹೇಳಿದ್ದೆ. ಮರುದಿನ ಅದೇ ಗಿಡ್ಡಕ್ಷರದ ಹುಡುಗ 'ನೀರಿಲ್ಲ', 'ಬಸ್ಸನ್ನು' ಎಲ್ಲ ಸರಿಯಾಗಿ ಬಿಡಿಸಿ ತಂದಿದ್ದ. ಹತ್ತನೆಯದರ ಮುಂದೆ ಪ್ರಶ್ನಾರ್ಥಕ ಚಿಹ್ನೆ. "ಓಕಾರಕ್ಕ ವ ಬರಬೇಕಲ್ರಿ ಸರ್, ಎಲ್ರೂ ಆಟೋದಾಗ ಅಂತಾರ." ಮೂಲೆಯ ಚೌಕದಲ್ಲಿ 'ಅದು' ಪಕ್ಕಕ್ಕೆ ಆಟೋವನ್ನೂ ಬರೆದುಕೊಂಡೆ.