ಕೇಡರ್ ಅಂದ್ರೆ ಯಾರು? ನಾನು ಎಡವಿದ್ದು ಅಲ್ಲೇ

ಎಂ.ಫಿಲ್‌ಗೆ ದಾವಣಗೆರೆಯ ಪಕ್ಷ ಸಂಘಟನೆಗಳ ಬಗ್ಗೆ ಬರೆಯಲು ಹೊರಟಾಗ ನನ್ನ ಹತ್ತಿರ ನಾಲ್ಕು ಕಾಲಂ ಎಳೆದ ಒಂದು ಹಾಳೆ ಇತ್ತು. ಕೇಡರ್, ಮಾಸ್, ಕ್ಯಾಚ್-ಆಲ್, ಕಾರ್ಟೆಲ್, ಅಂದರೆ ರಾಜ್ಯಶಾಸ್ತ್ರದ ಪುಸ್ತಕಗಳು ಪಕ್ಷಗಳನ್ನು ವಿಂಗಡಿಸುವ ನಾಲ್ಕು ಬಗೆ. ಒಂದೊಂದು ಪಕ್ಷವನ್ನು ಒಂದೊಂದು ಕಾಲಂಗೆ ಹಾಕಿದರೆ ಕೆಲಸ ಮುಗೀತು ಅಂದುಕೊಂಡಿದ್ದೆ.

ಮೊದಲು ಮಾತಾಡಿಸಿದ್ದು ಹತ್ತಿ ಗಿರಣಿಯಲ್ಲಿ ದುಡಿದು ನಿವೃತ್ತರಾದ ಒಬ್ಬ ಹಿರಿಯರನ್ನು. ಕಮ್ಯುನಿಸ್ಟ್ ಪಕ್ಷದವರು. ಸಿಪಿಐನ ಪಂಪಾಪತಿ ಇಲ್ಲಿಂದ ಮೂರು ಸಲ ಶಾಸಕರಾದ ಕಾಲವನ್ನು ಕಣ್ಣಾರೆ ಕಂಡವರು. "ನಮ್ದು ಕೇಡರ್ ಪಾರ್ಟಿ ಕಣಪ್ಪಾ" ಅಂದರು. ನಾನು ಹಾಗೇ ಕೇಡರ್ ಕಾಲಂನಲ್ಲಿ ಬರೆದುಕೊಂಡೆ.

ನನ್ನ ಗೈಡ್ ಅದನ್ನು ನೋಡಿ ನಕ್ಕುಬಿಟ್ಟರು. ಫ್ರಾನ್ಸಿನ ರಾಜ್ಯಶಾಸ್ತ್ರಜ್ಞ ಡುವರ್ಜೆ 1951ರಲ್ಲಿ ಕೇಡರ್ ಪಕ್ಷ ಅಂದದ್ದು ಊರಿನ ಗಣ್ಯರ ಕೂಟಕ್ಕೆ. ವಕೀಲರು, ಜಮೀನುದಾರರು, ಸಾಹುಕಾರರು ಚುನಾವಣೆ ಬಂದಾಗ ಸೇರುತ್ತಾರೆ, ಮುಗಿದ ಮೇಲೆ ಮನೆಗೆ ಹೋಗುತ್ತಾರೆ. ಖರ್ಚೂ ಅವರ ಜೇಬಿನದೇ. ನಮ್ಮ ಪೇಪರುಗಳಲ್ಲಿ ಕೇಡರ್ ಅಂದರೆ ಶಿಸ್ತಿನ ಕಾರ್ಯಕರ್ತ. ಹೆಚ್ಚುಕಡಿಮೆ ಉಲ್ಟಾ ಅರ್ಥ! ಆ ಹಿರಿಯರು ಹೇಳಿದ ತಿಂಗಳ ಚಂದಾ, ಯೂನಿಯನ್, ಸಂಜೆಯ ಓದು, ವರ್ಷವಿಡೀ ನಡೆಯುವ ಸಭೆ, ಇವೆಲ್ಲ ಡುವರ್ಜೆಯ ಲೆಕ್ಕದಲ್ಲಿ ಮಾಸ್ ಪಕ್ಷದ ಗುರುತು.

ಹಾಳೆ ಹರಿದು ಹಾಕಿದೆ. ಅದರ ಬದಲು ಮೂರು ಪ್ರಶ್ನೆ ಇಟ್ಟುಕೊಂಡೆ. ದುಡ್ಡು ಹಾಕುವವರು ಯಾರು? ಟಿಕೆಟ್ ಯಾರ ಕೈಲಿದೆ? ಸದಸ್ಯನಿಗೆ ಮಾಡಲು ಏನಾದರೂ ಕೆಲಸ ಇದೆಯಾ? ಒಂದೇ ಪಕ್ಷಕ್ಕೆ ಬೇರೆ ಬೇರೆ ಕಾಲದಲ್ಲಿ ಈ ಪ್ರಶ್ನೆ ಹಾಕಿದರೆ ಉತ್ತರ ಬದಲಾಗುತ್ತದೆ.

ಕಾಂಗ್ರೆಸ್ಸನ್ನೇ ತೆಗೆದುಕೊಂಡೆ. 1885ರಲ್ಲಿ ಬಾಂಬೆಯಲ್ಲಿ ಸೇರಿದ್ದು 72 ಪ್ರತಿನಿಧಿಗಳು, ಹೆಚ್ಚಿನವರು ಇಂಗ್ಲಿಷ್ ಕಲಿತ ಗಣ್ಯರು. ಅದು ಡುವರ್ಜೆಯ ಕೇಡರ್‌ಗೆ ಹತ್ತಿರ. 1920ರ ನಾಗಪುರದಲ್ಲಿ ನಾಲ್ಕಾಣೆ ಸದಸ್ಯತ್ವ ಬಂತು, ಭಾಷೆಗೊಂದು ಪ್ರಾಂತ ಸಮಿತಿ ಬಂತು. ನಮ್ಮ ಕರ್ನಾಟಕಕ್ಕೂ ಒಂದು ಸಿಕ್ಕಿತು. 1924ರ ಬೆಳಗಾವಿ ಅಧಿವೇಶನದಲ್ಲಂತೂ ನಾಲ್ಕಾಣೆಯ ಬದಲು ತಿಂಗಳಿಗೆ 2000 ಗಜ ನೂಲು ಕೊಡಬೇಕು ಅಂತಾಯಿತು. ಮರುವರ್ಷವೇ ಸಡಿಲವಾಯಿತು ಅನ್ನಿ. ಆದರೆ ಸದಸ್ಯನ ಕೈಗೆ ಕೆಲಸ ಕೊಡುವ ಆಸೆ ಅಲ್ಲಿ ಎದ್ದು ಕಾಣುತ್ತದೆ. ಹಾಗಂತ ಪೂರ್ತಿ ಮಾಸ್ ಪಕ್ಷವಾಯಿತು ಅನ್ನಲಾರೆ. ಹಳ್ಳಿಯಲ್ಲಿ ಗೌಡರ ಮಾತು ನಡೆಯುವುದು ನಿಲ್ಲಲಿಲ್ಲ.

ನನಗೆ ಕಣ್ಣು ತೆರೆಸಿದ್ದು ಮಾತ್ರ ಚಿತ್ರದುರ್ಗದ ಕಥೆ. 1969ರಲ್ಲಿ ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಆ ನವೆಂಬರ್‌ನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಹೊರಹಾಕಲಾಯಿತು. ಪಕ್ಷ ಎರಡಾಯಿತು. ನಿಜಲಿಂಗಪ್ಪನವರ ಕಡೆಯದು ಕಾಂಗ್ರೆಸ್ (ಒ), ಅಂದರೆ ಸಂಸ್ಥಾ ಕಾಂಗ್ರೆಸ್. ಹೆಸರಲ್ಲೇ ಸಂಘಟನೆ ಇತ್ತು. ಆದರೆ ಸಂಸದರಲ್ಲಿ ಜಾಸ್ತಿ ಜನ ಇಂದಿರಾ ಜೊತೆ ಹೋದರು. 1971ರಲ್ಲಿ ಅವರಿಗೆ 352 ಸೀಟು, ಸಂಸ್ಥಾ ಕಾಂಗ್ರೆಸ್‌ಗೆ 16. ಪಕ್ಷದ ಕಚೇರಿಯೂ ಸರ್ಕಾರದಲ್ಲಿ ಕೂತ ಪಕ್ಷವೂ ಒಂದೇ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಆಮೇಲೆ ಸದಸ್ಯತ್ವ ಬರೀ ಕಾಗದವಾಯಿತು. 1972ರಿಂದ 1992ರವರೆಗೆ ಕಾಂಗ್ರೆಸ್‌ನಲ್ಲಿ ಒಳಚುನಾವಣೆಯೇ ನಡೆಯಲಿಲ್ಲ. ರಾಜ್ಯಶಾಸ್ತ್ರಜ್ಞ ಕಿರ್ಕ್‌ಹೈಮರ್ 1966ರಲ್ಲಿ ಕ್ಯಾಚ್-ಆಲ್ ಪಕ್ಷದ ಬಗ್ಗೆ ಹೇಳಿದ್ದೂ ಇಂಥದ್ದೇ: ನಾಯಕ ಬಲಿಯುತ್ತಾನೆ, ಸದಸ್ಯ ಸವೆಯುತ್ತಾನೆ, ಮತ ಎಲ್ಲರಿಂದಲೂ ಬೇಕು. ಅದನ್ನು ಕಣ್ಣಾರೆ ನೋಡಿದ್ದು ಒಂದು ಪಕ್ಷದ ಕಚೇರಿಯ ಸದಸ್ಯತ್ವ ಪುಸ್ತಕದಲ್ಲಿ. ಇಡೀ ಹಳ್ಳಿಯ ಹೆಸರು ಒಂದೇ ಕೈಬರಹ, ಒಂದೇ ದಿನ, ಒಂದೇ ಪೆನ್ನು. ಹಳ್ಳಿಗೆ ಹೋಗಿ "ನೀವು ಸದಸ್ಯರಾ?" ಅಂದರೆ ಹೌದು ಅನ್ನುತ್ತಾರೆ. "ದುಡ್ಡು ಯಾರು ಕಟ್ಟಿದ್ರು?" ಅಂತ ಕೇಳಬೇಕು. "ಅಣ್ಣಾರು ಕಟ್ಟಿದ್ರು" ಅಂತ ಬರುತ್ತದೆ. ನಾನು ಮೊದಮೊದಲು ಮೊದಲನೇ ಪ್ರಶ್ನೆ ಮಾತ್ರ ಕೇಳಿ ಸುಮ್ನೆ ಬಂದುಬಿಡುತ್ತಿದ್ದೆ.

ಕಾರ್ಟೆಲ್ ಮಾತ್ರ ಕೊನೆಗೂ ಅರ್ಧಕ್ಕೇ ನಿಂತಿತು. ಕಾಟ್ಜ್ ಮತ್ತು ಮೇರ್ ಎಂಬ ಇಬ್ಬರು ರಾಜ್ಯಶಾಸ್ತ್ರಜ್ಞರು 1995ರಲ್ಲಿ ಹೇಳಿದ್ದು, ಪಕ್ಷಗಳು ಸದಸ್ಯರ ಬದಲು ಸರ್ಕಾರದ ಹಣಕ್ಕೆ ಒರಗಿ, ತಮ್ಮತಮ್ಮಲ್ಲೇ ಹಂಚಿಕೊಂಡು ಹೊಸಬರನ್ನು ದೂರ ಇಡುತ್ತವೆ ಅಂತ. ಅವರ ಕಣ್ಣ ಮುಂದಿದ್ದದ್ದು ಪಶ್ಚಿಮ ಯೂರೋಪ್. ನಮ್ಮಲ್ಲಿ ಸರ್ಕಾರ ಪಕ್ಷಕ್ಕೆ ನಗದು ಕೊಡುವುದಿಲ್ಲ. ಆದಾಯ ತೆರಿಗೆ ವಿನಾಯಿತಿ ಇದೆ, ಮಾನ್ಯತೆ ಪಡೆದ ಪಕ್ಷಗಳಿಗೆ ದೂರದರ್ಶನ, ಆಕಾಶವಾಣಿಯಲ್ಲಿ ಪುಕ್ಕಟೆ ಸಮಯ ಇದೆ. ಆದರೆ ದೊಡ್ಡ ದುಡ್ಡು ಬರುವುದು ಕಂಪನಿಗಳಿಂದ, ಸಾಹುಕಾರರಿಂದ. ಹೊಸ ಪಕ್ಷಗಳೂ ಹುಟ್ಟುತ್ತಲೇ ಇರುತ್ತವೆ. ಅದಕ್ಕೇ ಆ ಮಾದರಿಯನ್ನು ಇಲ್ಲಿಗೆ ಎಳೆದು ಹೊಂದಿಸಲಿಲ್ಲ.

ಬರೆದು ಮುಗಿಸಿ ಆ ಹಿರಿಯರಿಗೆ ತೋರಿಸಲು ಹೋದೆ. "ಹಂಗಾದ್ರೆ ನಮ್ದು ಕೇಡರ್ ಅಲ್ವಾ?" ಅಂದರು. ಮಾಸ್ ಅಂದೆ. ಒಳಗೆ ಹೋಗಿ ಹಳೇ ಚಂದಾ ರಸೀದಿ ಪುಸ್ತಕ ತಂದರು. ಅರ್ಧದ ಮೇಲೆ ಹಾಳೆಗಳೆಲ್ಲ ಖಾಲಿ. "ಗಿರಣಿ ಮುಚ್ಚಿದ ವರ್ಷ ಇದು" ಅಂತ ಕೊನೆಯ ರಸೀದಿಯ ತಾರೀಖಿನ ಮೇಲೆ ಬೆರಳಿಟ್ಟರು.