ಸಿಟಿಜಿ ಓದುವಾಗ ಒಂದು ಗಂಟೆ ಹಿಂದಿನ ಕಾಗದವನ್ನೂ ಬಿಚ್ಚಿಡಿ

ಮಗುವಿನ ಹೃದಯಬಡಿತವನ್ನೂ ಹೆರಿಗೆ ನೋವನ್ನೂ ಕಾಗದದ ಮೇಲೆ ಗೆರೆಯಾಗಿ ಎಳೆಯುವ ಸಿಟಿಜಿ ಯಂತ್ರದ ಬಳಿ ಹೋದರೆ ನಾನು ಕಾಗದಕ್ಕೂ ಮೊದಲು ತಾಯಿಯ ಮಣಿಕಟ್ಟು ಹಿಡಿಯುತ್ತೇನೆ. ಹೊಟ್ಟೆಯ ಮೇಲೆ ಬೆಲ್ಟ್ ಕಟ್ಟಿದ ಡಾಪ್ಲರ್ ಪ್ರೋಬ್‌ಗೆ ಮಗುವಿನ ಗುಂಡಿಗೆ ಯಾವುದು, ತಾಯಿಯ ರಕ್ತನಾಳ ಯಾವುದು ಎಂಬ ಭೇದವಿಲ್ಲ. ತನ್ನ ಮುಂದೆ ಮಿಡಿಯುವುದನ್ನು ಎಣಿಸುತ್ತದೆ, ಅಷ್ಟೆ. ತಾಯಿಯ ನಾಡಿ 70 ಇದ್ದಾಗ ಯಂತ್ರ ಅದನ್ನು ಎರಡರಷ್ಟಾಗಿ ಎಣಿಸಿ 140 ಎಂದು ಚಂದದ ಗೆರೆ ಎಳೆದುಬಿಡಬಹುದು. ಹಾಗಾಗಿ ನಾಡಿ ನೋಡಿ, ಆ ಅಂಕಿಯನ್ನೂ ಸಮಯವನ್ನೂ ಕಾಗದದ ಅಂಚಿನಲ್ಲಿ ಬರೆದು, ಆಮೇಲೆ ಗೆರೆ ನೋಡುವುದು.

ಕಾಗದದ ವೇಗವನ್ನೂ ಒಮ್ಮೆ ನೋಡಿಕೊಳ್ಳಿ. ನಮ್ಮಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 1 ಸೆಂ.ಮೀ. ಓಡುತ್ತದೆ, ಅಮೆರಿಕದಲ್ಲಿ 3 ಸೆಂ.ಮೀ. ಸೆಟ್ಟಿಂಗ್ ಯಾರೋ ಬದಲಿಸಿ 3ಕ್ಕೆ ಇಟ್ಟಿದ್ದರೆ ಅದೇ ಮಗುವಿನ ಗೆರೆ ಹಿಗ್ಗಿ ಚಪ್ಪಟೆಯಾಗಿ ಕಾಣುತ್ತದೆ, ಗೆರೆಯ ಸಣ್ಣ ನಡುಕ, ಅಂದರೆ ವೇರಿಯಬಿಲಿಟಿ, ಕಡಿಮೆಯಾಗಿದೆ ಎಂದು ಸುಮ್ಮನೆ ಗಾಬರಿ ಹುಟ್ಟುತ್ತದೆ.

ಮೊದಲು ಓದುವುದು ಕೆಳಗಿನ ಗೆರೆ, ನೋವುಗಳದ್ದು. 10 ನಿಮಿಷಕ್ಕೆ ಎಷ್ಟು ನೋವು ಬಂದಿವೆ ಎಂದು ಎಣಿಸುತ್ತೇನೆ. 5ಕ್ಕಿಂತ ಹೆಚ್ಚು ನೋವು ಸತತ ಎರಡು ಹತ್ತು ನಿಮಿಷಗಳಲ್ಲಿ ಬಂದರೆ ಅತಿಯಾಯಿತು. ಈ ಗೆರೆಯ ಎತ್ತರ ನೋಡಿ ‘ನೋವು ಜೋರಾಗಿದೆ’ ಎನ್ನುವವರಿದ್ದಾರೆ. ಅದು ತಪ್ಪು. ಎತ್ತರ ಹೇಳುವುದು ಬೆಲ್ಟ್ ಎಷ್ಟು ಬಿಗಿಯಾಗಿದೆ, ಹೊಟ್ಟೆಯ ಕೊಬ್ಬು ಎಷ್ಟಿದೆ ಎಂಬುದನ್ನೇ ಹೆಚ್ಚಾಗಿ. ಜೋರು ತಿಳಿಯಲು ಹೊಟ್ಟೆಯ ಮೇಲೆ ಕೈಯಿಟ್ಟೇ ನೋಡಬೇಕು. ಎರಡು ನೋವುಗಳ ನಡುವೆ ಗರ್ಭಕೋಶ ಪೂರ್ತಿ ಮೆತ್ತಗಾಗುತ್ತದೆಯೇ ಎಂಬುದೂ ಕೈಗೆ ಮಾತ್ರ ಗೊತ್ತಾಗುವ ವಿಷಯ. ಮಾಸಿಗೆ ಹೊಸ ರಕ್ತ ಸರಿಯಾಗಿ ಹರಿಯುವುದು ಆ ಬಿಡುವಿನಲ್ಲೇ. ಮಗು ಉಸಿರು ಹಿಡಿದು ಮತ್ತೆ ಮೇಲೆ ಬಂದು ಉಸಿರೆಳೆದುಕೊಳ್ಳುವ ಈಜುಗಾರನ ಹಾಗೆ ಎಂದುಕೊಳ್ಳಿ. ನೀರಿನ ಮೇಲೆ ಎಷ್ಟು ಹೊತ್ತು ಸಿಗುತ್ತದೆ ಎಂಬುದೇ ಲೆಕ್ಕ.

ಆಮೇಲೆ ಮೇಲಿನ ಗೆರೆಯ, ಅಂದರೆ ಮಗುವಿನ ಬಡಿತದ, ಬೇಸ್‌ಲೈನ್. ಏರಿಳಿತದ ಭಾಗಗಳನ್ನು ಬಿಟ್ಟು, ಗೆರೆ ಸಮನಾಗಿ ಓಡಿದ ಕಡೆ 10 ನಿಮಿಷದ ಸರಾಸರಿ ತೆಗೆಯಬೇಕು. ನಿಮಿಷಕ್ಕೆ 110ರಿಂದ 160ರ ಒಳಗಿದ್ದರೆ ಸಹಜ. ಆದರೆ ಈ ಎರಡು ಅಂಕಿಗಳೇ ಬಹಳ ಜನರನ್ನು ದಾರಿ ತಪ್ಪಿಸುವುದು. ದಿನ ತುಂಬಿದ ಮಗುವಿನ ಬೇಸ್‌ಲೈನ್ ಕಡಿಮೆ ಕಡೆಗೂ, ದಿನ ತುಂಬದ ಮಗುವಿನದು ಹೆಚ್ಚಿನ ಕಡೆಗೂ ಇರುವುದು ವಾಡಿಕೆ. 41 ವಾರದ ಮಗು ಶುರುವಿನಲ್ಲೇ 155 ತೋರಿಸಿದರೆ ಅದು 160ರ ಒಳಗಿದೆ ಎಂದು ಬಿಡದೆ, ತಾಯಿಗೆ ಜ್ವರವಿದೆಯೇ, ನೀರು ಒಡೆದು ಎಷ್ಟು ಹೊತ್ತಾಯಿತು ಎಂದು ಕೇಳಬೇಕು.

ವೇರಿಯಬಿಲಿಟಿ ಎಂದರೆ ಬೇಸ್‌ಲೈನ್ ಗೆರೆಯ ಸಣ್ಣ ನಡುಕದ ಅಗಲ. ಸಮನಾದ ಜಾಗದಲ್ಲಿ ಒಂದು ನಿಮಿಷದ ತುಂಡು, ಅಂದರೆ 1 ಸೆಂ.ಮೀ. ಕಾಗದ, ಆರಿಸಿಕೊಂಡು ಅದರೊಳಗಿನ ಅತಿ ಎತ್ತರದ ಮತ್ತು ಅತಿ ತಗ್ಗಿನ ಬಿಂದುಗಳ ನಡುವೆ ಎಷ್ಟು ಬಡಿತದ ಅಂತರವಿದೆ ಎಂದು ನೋಡಿ. ಬೇರೆ ಬೇರೆ ಕಡೆ ಮೂರ್ನಾಲ್ಕು ಸಲ ಅಳೆಯಿರಿ. 5ರಿಂದ 25 ಇದ್ದರೆ ಮಗುವಿನ ಮಿದುಳಿಗೆ ಆಮ್ಲಜನಕ ತಲುಪುತ್ತಿದೆ ಎಂದು ತಿಳಿಯಬಹುದು. 5ಕ್ಕಿಂತ ಕಡಿಮೆಯಾದ ಕೂಡಲೇ ಓಡಬೇಕಿಲ್ಲ. ಮಗು ಗಾಢ ನಿದ್ದೆ ಮಾಡುತ್ತದೆ, ಅದು 50 ನಿಮಿಷದವರೆಗೂ ಹೋಗಬಹುದು. ತಾಯಿಗೆ ಪೆಥಿಡಿನ್ ಅಥವಾ ಮೆಗ್ನೀಷಿಯಂ ಸಲ್ಫೇಟ್ ಕೊಟ್ಟಿದ್ದರೂ ಗೆರೆ ಚಪ್ಪಟೆಯಾಗುತ್ತದೆ, ಆದ್ದರಿಂದ ಔಷಧ ಕೊಟ್ಟ ಸಮಯವೂ ಕಾಗದದ ಮೇಲಿರಲಿ. ನಿದ್ದೆಯ ಗೆರೆಗೂ ಕಷ್ಟದ ಗೆರೆಗೂ ವ್ಯತ್ಯಾಸ ತಿಳಿಯುವುದು ಹಿಂದಿನ ಕಾಗದದಿಂದ. ನಿದ್ದೆಗೆ ಮುಂಚೆ ಚೆನ್ನಾಗಿದ್ದ ಮಗು, ಬಡಿತ ತಗ್ಗಿಗೆ ಇಳಿಯುವ ಡಿಸೆಲರೇಷನ್ ಇಲ್ಲದೆ ಚಪ್ಪಟೆಯಾಗಿ, ಆಮೇಲೆ ಎದ್ದು ಮತ್ತೆ ಆಡುತ್ತದೆ. ಡಿಸೆಲರೇಷನ್‌ಗಳು ಬಂದು ಬಂದು ಆಮೇಲೆ ಚಪ್ಪಟೆಯಾದರೆ ಅದನ್ನು ನಿದ್ದೆ ಎನ್ನಬೇಡಿ.

ಆಕ್ಸಲರೇಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 15 ಬಡಿತದಷ್ಟು ಮೇಲೇರಿ 15 ಸೆಕೆಂಡಾದರೂ ನಿಂತರೆ ಒಂದು ಎಂದು ಲೆಕ್ಕ. ಇದ್ದರೆ ಒಳ್ಳೆಯದು. ಹೆರಿಗೆ ನೋವು ಜೋರಾದ ಮೇಲೆ, ಉಳಿದೆಲ್ಲ ಸರಿಯಿದ್ದು ಇದೊಂದು ಇಲ್ಲದಿದ್ದರೆ ಅಷ್ಟಕ್ಕೇ ಚಿಂತೆ ಬೇಡ.

ಡಿಸೆಲರೇಷನ್ ಓದುವಾಗ ಆಳಕ್ಕಿಂತ ಇಳಿಯುವ ಬಗೆಯನ್ನು ನೋಡಿ. ಹೊಕ್ಕುಳಬಳ್ಳಿ ಅಮುಕಿದಾಗ ಮಗುವಿನ ರಕ್ತದೊತ್ತಡ ದಿಢೀರನೆ ಏರಿ, ಅದನ್ನು ತಗ್ಗಿಸಲು ನರಗಳು ಬಡಿತವನ್ನು ದಿಢೀರನೆ ಇಳಿಸುತ್ತವೆ. ಅದಕ್ಕೇ ಇದು ‘V’ ಆಕಾರದಲ್ಲಿ, 30 ಸೆಕೆಂಡಿನೊಳಗೆ ತಳ ಮುಟ್ಟಿ, ಅಷ್ಟೇ ಬೇಗ ಮೇಲೇಳುತ್ತದೆ. ಇದು ವೇರಿಯಬಲ್. ಹೆರಿಗೆಯಲ್ಲಿ ಹೆಚ್ಚಾಗಿ ಕಾಣುವುದು ಇದೇ. ನೋಡಲು ಭಯವಾದರೂ ಬಹುಪಾಲು ಸಲ ಮಗು ತಾಳಿಕೊಳ್ಳುತ್ತದೆ. ಲೇಟ್ ಡಿಸೆಲರೇಷನ್‌ನ ದಾರಿ ಬೇರೆ. ಮಾಸಿನಲ್ಲಿ ರಕ್ತ ಸಾಲದೆ ಆಮ್ಲಜನಕ ಇಳಿದು, ಅದು ಮಗುವಿನ ರಕ್ತನಾಳದ ಗ್ರಾಹಕಗಳಿಗೆ ತಲುಪಲು ಹೊತ್ತು ಹಿಡಿಯುತ್ತದೆ. ಹಾಗಾಗಿ ನೋವು ಶುರುವಾಗಿ 20 ಸೆಕೆಂಡಿಗಿಂತ ಹೆಚ್ಚಾದ ಮೇಲೆ ಗೆರೆ ನಿಧಾನವಾಗಿ ಜಾರುತ್ತದೆ, ನೋವು ಮುಗಿದ ಮೇಲೂ ಕೆಳಗೇ ಇದ್ದು ನಿಧಾನವಾಗಿ ಏರುತ್ತದೆ. ಇಲ್ಲಿ ಮೋಸ ಹೋಗುವುದು ಆಳ ಕಡಿಮೆಯಿರುವಾಗ. ವೇರಿಯಬಿಲಿಟಿ ಚಪ್ಪಟೆಯಾಗಿ, ಆಕ್ಸಲರೇಷನ್ ಇಲ್ಲದೆ, ಪ್ರತಿ ನೋವಿನ ಬೆನ್ನಿಗೆ ಬರೀ 10–15 ಬಡಿತದ ಸಣ್ಣ ತಗ್ಗು ಕಂಡರೆ, 80ಕ್ಕೆ ಬಿದ್ದು ಟಕ್ಕನೆ ಎದ್ದ ಮಗುವಿಗಿಂತ ಈ ಮಗುವಿನ ಸ್ಥಿತಿ ಕೆಟ್ಟದ್ದು. ನೋವಿನ ಜೊತೆಗೇ ಆಳವಿಲ್ಲದೆ ಇಳಿದು ಜೊತೆಗೇ ಏರುವ ಅರ್ಲಿ ಡಿಸೆಲರೇಷನ್ ತಲೆ ಒತ್ತಿದ್ದರಿಂದ ಆಗುವಂಥದು, ತೊಂದರೆಯಿಲ್ಲ.

ಈಗ ಒಂದು ಉದಾಹರಣೆ. ಚೊಚ್ಚಲು ಹೆರಿಗೆ, 40 ವಾರ ದಾಟಿದೆ, ನೋವು ಹೆಚ್ಚಿಸುವ ಆಕ್ಸಿಟೋಸಿನ್ ಡ್ರಿಪ್ ಓಡುತ್ತಿದೆ, ಗರ್ಭಕೋಶದ ಬಾಯಿ 5 ಸೆಂ.ಮೀ. ತೆರೆದಿದೆ, ನೀರು ತಿಳಿಯಾಗಿದೆ. ಬೆಳಿಗ್ಗೆ 10ರ ಕಾಗದದಲ್ಲಿ ಬೇಸ್‌ಲೈನ್ 130, ವೇರಿಯಬಿಲಿಟಿ 10–15, ಎರಡು ಆಕ್ಸಲರೇಷನ್, ಹತ್ತು ನಿಮಿಷಕ್ಕೆ 3 ನೋವು. ಡ್ರಿಪ್ ಏರಿಸುತ್ತಾ ಬಂದಿದ್ದಾರೆ. 11ಕ್ಕೆ ನೋವು 4–5. ಪ್ರತಿ ನೋವಿಗೂ 90ರವರೆಗೆ ‘V’ ಆಕಾರದ ಇಳಿತ, 30–40 ಸೆಕೆಂಡಿನದು. ಬೇಸ್‌ಲೈನ್ 135. ಆಕ್ಸಲರೇಷನ್ ನಿಂತಿವೆ. 11:40ಕ್ಕೆ ನೋವು 6. ಇಳಿತ 80ರವರೆಗೆ, ಒಂದೊಂದೂ 60–70 ಸೆಕೆಂಡು. ನಡುವಿನ ಗೆರೆ 155ರಲ್ಲಿ ಓಡುತ್ತಿದೆ, ವೇರಿಯಬಿಲಿಟಿ 8.

ಈ ಕೊನೆಯ ಹತ್ತು ನಿಮಿಷವನ್ನಷ್ಟೇ ನೋಡಿದವರು ‘ಬೇಸ್‌ಲೈನ್ ನಾರ್ಮಲ್, ವೇರಿಯಬಿಲಿಟಿ ನಾರ್ಮಲ್, ವೇರಿಯಬಲ್ ಡಿಸೆಲರೇಷನ್ ಇದೆ’ ಎಂದು ಬರೆದು ಸಹಿ ಹಾಕುತ್ತಾರೆ. ಯಂತ್ರದ ಅಲಾರಂ 160ಕ್ಕೆ ಇಟ್ಟಿದ್ದರೆ ಅದೂ ಕೂಗುವುದಿಲ್ಲ. ಕಾಗದವನ್ನು 10 ಗಂಟೆಯವರೆಗೆ ಹಿಂದಕ್ಕೆ ಬಿಚ್ಚಿ ಮೇಜಿನ ಮೇಲೆ ಹರಡಿದರೆ ಬೇರೆಯೇ ಕಥೆ. ಈ ಮಗುವಿನ ಸ್ವಂತ ಬೇಸ್‌ಲೈನ್ 130, ಅದು 25 ಬಡಿತ ಮೇಲೇರಿದೆ. ಆಮ್ಲಜನಕದ ಕೊರತೆ ನಿಧಾನವಾಗಿ ಬೆಳೆದಾಗ ಮಗು ಇದೇ ಸರದಿಯಲ್ಲಿ ನಡೆದುಕೊಳ್ಳುತ್ತದೆ. ಡಿಸೆಲರೇಷನ್ ಬರುತ್ತವೆ, ಆಕ್ಸಲರೇಷನ್ ಹೋಗುತ್ತವೆ, ಇಳಿತ ಆಳವಾಗಿ ಅಗಲವಾಗುತ್ತದೆ, ಅಡ್ರಿನಲಿನ್ ಹೆಚ್ಚಿ ಬೇಸ್‌ಲೈನ್ ಏರುತ್ತದೆ, ಕೊನೆಗೆ ವೇರಿಯಬಿಲಿಟಿ ಹೋಗುತ್ತದೆ. ನಮ್ಮ ಕಾಗದ ಕೊನೆಯದರ ಹಿಂದಿನ ಮೆಟ್ಟಿಲಲ್ಲಿದೆ.

ಇನ್ನೊಂದು ಅಳತೆಯನ್ನೂ ಮಾಡಿ. 10 ಸೆಂ.ಮೀ. ಕಾಗದಕ್ಕೆ ಸ್ಕೇಲ್ ಇಟ್ಟು, ಗೆರೆ ತಗ್ಗಿನಲ್ಲಿದ್ದ ಉದ್ದವನ್ನೆಲ್ಲ ಕೂಡಿಸಿ. 65 ಸೆಕೆಂಡಿನ ಇಳಿತ 6 ಸಲ ಎಂದರೆ ಸುಮಾರು ಆರೂವರೆ ನಿಮಿಷ ನೀರಿನೊಳಗೆ, ಮೇಲೆ ಸಿಕ್ಕಿದ್ದು ಮೂರೂವರೆ ನಿಮಿಷ. 11 ಗಂಟೆಗೆ ಇದು ತಿರುಗುಮುರುಗಾಗಿತ್ತು.

ಕಾರಣ ಕಣ್ಣ ಮುಂದೆಯೇ ನೇತಾಡುತ್ತಿದೆ, ಡ್ರಿಪ್. ಅದನ್ನು ನಿಲ್ಲಿಸುವುದು ಮೊದಲ ಕೆಲಸ. ಬರೀ ಕಡಿಮೆ ಮಾಡುವುದಲ್ಲ. ‘ಎಡಕ್ಕೆ ತಿರುಗಿ ಮಲಗಮ್ಮ’ ಎಂದು ಮಗ್ಗುಲು ಬದಲಿಸಿ, ಬಿ.ಪಿ. ನೋಡಿ, ಕಡಿಮೆಯಿದ್ದರೆ ಫ್ಲೂಯಿಡ್ ಕೊಡಿ. ಒಳಪರೀಕ್ಷೆ ಮಾಡಿ, ಬಳ್ಳಿ ಜಾರಿದೆಯೇ, ನೀರು ಹಸಿರಾಗಿದೆಯೇ, ಬಾಯಿ ಎಷ್ಟು ತೆರೆದಿದೆ ಎಂದು ತಿಳಿಯಿರಿ. ಡ್ರಿಪ್ ನಿಂತರೂ ನೋವು ಸಡಿಲವಾಗದಿದ್ದರೆ ಟರ್ಬುಟಲಿನ್ 250 ಮೈಕ್ರೋಗ್ರಾಂ ಚರ್ಮದಡಿ ಕೊಡುವುದುಂಟು, ಹೃದ್ರೋಗ ಇರುವವರಿಗೆ ಬೇಡ. ತಾಯಿಯ ಆಮ್ಲಜನಕ ಮಟ್ಟ ಸರಿಯಿದ್ದಾಗ ಮಾಸ್ಕ್ ಹಾಕುವುದರಿಂದ ಮಗುವಿಗೆ ಲಾಭವಿಲ್ಲ, ನೋಡುವವರಿಗೆ ಸಮಾಧಾನ ಅಷ್ಟೆ.

ಅರ್ಧ ಗಂಟೆಯ ಮೇಲೆ ನೋಡಬೇಕಾದದ್ದು ಎರಡೇ. ಇಳಿತಗಳು ಕಿರಿದಾದವೇ, ಬೇಸ್‌ಲೈನ್ 130ರ ಕಡೆಗೆ ಇಳಿಯುತ್ತಿದೆಯೇ. 12:20ಕ್ಕೆ ನೋವು 4, ಇಳಿತ 30 ಸೆಕೆಂಡು, ಬೇಸ್‌ಲೈನ್ 140, ವೇರಿಯಬಿಲಿಟಿ 10 ಎಂದಾದರೆ ಮಗು ಚೇತರಿಸಿಕೊಂಡಿದೆ, ಕಾಯಬಹುದು. ಡ್ರಿಪ್ ಮತ್ತೆ ಶುರು ಮಾಡಬೇಕಾದರೆ ಕಡಿಮೆ ಪ್ರಮಾಣದಿಂದ, ಹಿರಿಯರನ್ನು ಕೇಳಿ. ಕಾರಣ ತೆಗೆದ ಮೇಲೂ ಬೇಸ್‌ಲೈನ್ 160 ದಾಟಿ ವೇರಿಯಬಿಲಿಟಿ 5ರ ಕೆಳಗಿಳಿದರೆ 50 ನಿಮಿಷದ ನಿಯಮ ಹಿಡಿದು ಕೂರಬಾರದು, ಹೆರಿಗೆ ಮುಗಿಸಬೇಕು. ಒಂದು ಇಳಿತ ಮೇಲೇಳದೆ 3 ನಿಮಿಷ ದಾಟಿದರೆ ಎಲ್ಲರನ್ನೂ ಕರೆಯಿರಿ. 5 ನಿಮಿಷ ದಾಟಿ 80ಕ್ಕಿಂತ ಕೆಳಗಿದ್ದು ವೇರಿಯಬಿಲಿಟಿಯೂ ಇಲ್ಲದಿದ್ದರೆ ಥಿಯೇಟರ್ ಕಡೆ ಗಾಲಿ ಉರುಳುತ್ತಿರಬೇಕು. ಬಳ್ಳಿ ಜಾರಿದ್ದು, ಮಾಸು ಬೇರ್ಪಟ್ಟದ್ದು, ಹಳೆಯ ಸಿಸೇರಿಯನ್ ಹೊಲಿಗೆ ಬಿಟ್ಟದ್ದು ಎಂದು ಗೊತ್ತಾದರೆ ಅಷ್ಟು ನಿಮಿಷವೂ ಕಾಯುವಂತಿಲ್ಲ.

ಇದೇ ತಾಯಿ ಮಧ್ಯಾಹ್ನ ಮುಕ್ಕಲು ಶುರು ಮಾಡಿದಾಗ ಇನ್ನೊಂದು ಬಲೆ ಇದೆ. ಅಲ್ಲಿಯವರೆಗೆ ಪ್ರತಿ ನೋವಿಗೂ ಇಳಿಯುತ್ತಿದ್ದ ಗೆರೆ ಇದ್ದಕ್ಕಿದ್ದಂತೆ ಚಂದವಾಗಿ, ಪ್ರತಿ ಮುಕ್ಕುವಿಕೆಗೂ 110ರಿಂದ 140ಕ್ಕೆ ಏರತೊಡಗುತ್ತದೆ. ‘ಆಕ್ಸಲರೇಷನ್ ಬಂತು’ ಎಂದು ಎಲ್ಲರಿಗೂ ಖುಷಿ. ಆದರೆ ನೋವಿನ ಜೊತೆ ಏರುವುದು ಶ್ರಮಪಡುತ್ತಿರುವ ತಾಯಿಯ ನಾಡಿ. ತಲೆ ಕೆಳಗಿಳಿದಾಗ ಮಗುವಿನ ಗುಂಡಿಗೆಯೂ ಕೆಳಗೆ ಜರುಗಿ, ಪ್ರೋಬ್ ತಾಯಿಯ ರಕ್ತನಾಳವನ್ನು ಹಿಡಿದಿರುತ್ತದೆ. ತಾಯಿಯ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ, ಎರಡು ಅಂಕಿಯೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆಯೇ ನೋಡಿ. ಹೌದಾದರೆ ಪ್ರೋಬನ್ನು ಕೆಳಹೊಟ್ಟೆಯ ಕಡೆ ಸರಿಸಿ ಮಗುವನ್ನು ಹುಡುಕಿ. ಸಿಗುವವರೆಗೂ ಆ ಕಾಗದದ ಮೇಲೆ ‘ತಾಯಿಯ ನಾಡಿ’ ಎಂದೇ ಬರೆಯಿರಿ.