ಆಂಬುಲೆನ್ಸ್ ಬರುವ ತನಕ: ಇಂಗ್ಲೆಂಡಿಗೆ ಬರುವ ಅಪ್ಪ ಅಮ್ಮನಿಗೆ ಎದೆ ಒತ್ತುವುದನ್ನು ಕಲಿಸಿ

ನಮ್ಮೂರು ಹಾಸನ ಜಿಲ್ಲೆಯ ಆಲೂರಿನ ಹತ್ತಿರ. ಅಲ್ಲಿ ಯಾರಾದರೂ ಕುಸಿದು ಬಿದ್ದರೆ ಮೊದಲು ಕೇಳುವ ಮಾತು ‘ಗಾಡಿ ತೆಗಿ’. ನಾಲ್ಕು ಜನ ಕೈಕಾಲು ಹಿಡಿದು ಹಿಂದಿನ ಸೀಟಿನಲ್ಲಿ ಮಲಗಿಸುತ್ತಾರೆ, ಹಾಸನದ ಕಡೆ ಓಡಿಸುತ್ತಾರೆ. ಮಕ್ಕಳನ್ನು ನೋಡಲು ಇಂಗ್ಲೆಂಡಿಗೆ ಬರುವ ನಮ್ಮ ಅಪ್ಪ ಅಮ್ಮಂದಿರು ಈ ಅಭ್ಯಾಸವನ್ನೂ ಜೊತೆಗೇ ತರುತ್ತಾರೆ. ಹೃದಯ ನಿಂತಾಗ ಇದು ಜೀವಕ್ಕೇ ಕುತ್ತು. ಓಡುವ ಕಾರಿನಲ್ಲಿ ಎದೆ ಒತ್ತಲು ಆಗುವುದಿಲ್ಲ. ಒತ್ತದಿದ್ದರೆ ಮಿದುಳಿಗೆ ರಕ್ತ ಹೋಗುವುದಿಲ್ಲ, ಕೆಲವೇ ನಿಮಿಷದಲ್ಲಿ ಅದು ಹಾಳಾಗತೊಡಗುತ್ತದೆ.

ಇಂಗ್ಲೆಂಡಿನಲ್ಲಿ ಇಂಥ ಕರೆಗೆ ಆಂಬುಲೆನ್ಸ್ ಸರಾಸರಿ 7 ನಿಮಿಷದಲ್ಲಿ ತಲುಪಬೇಕು ಎಂಬ ಗುರಿ ಇದೆ. ಎಲ್ಲ ಸಲವೂ ಅಷ್ಟು ಬೇಗ ಬರುವುದಿಲ್ಲ. ಆ ಹೊತ್ತಿನಲ್ಲಿ ಮನೆಯಲ್ಲಿ ಇದ್ದವರೇ ಕೆಲಸ ಮಾಡಬೇಕು.

ಅಪ್ಪ ಅಮ್ಮ ಹೋದ ವರ್ಷ ನನ್ನ ಜೊತೆ ಹೊರಡುವ ಮುಂಚೆ, ಊರಿನ ಮನೆಯ ನಡುಮನೆಯಲ್ಲಿ ಕೂತು ಅಮ್ಮನಿಗೆ ಇದನ್ನು ಕಲಿಸಿದೆ. ನಾವು ಇಟ್ಟುಕೊಂಡ ಸನ್ನಿವೇಶ ಇಷ್ಟು: ಹಗಲು ಹೊತ್ತು, ನಾವಿಬ್ಬರೂ ಕೆಲಸಕ್ಕೆ ಹೋಗಿದ್ದೇವೆ. ಅಪ್ಪ ಅಡುಗೆಮನೆಯಲ್ಲಿ ಬಿದ್ದುಬಿಟ್ಟರು. ಅಮ್ಮ ಒಬ್ಬರೇ, ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ.

ಮೊದಲು ಭುಜ ಅಲುಗಾಡಿಸಿ ಜೋರಾಗಿ ಕರೆಯಬೇಕು. ಮಾತಿಲ್ಲ, ಕಣ್ಣು ಬಿಡಲಿಲ್ಲ ಎಂದರೆ ಅಂಗಾತ ಮಲಗಿಸಿ ಎದೆಯನ್ನು ನೋಡಬೇಕು. “ಉಸಿರು ಇದೆಯೋ ಇಲ್ವೋ ನಂಗೆ ಹೆಂಗೆ ಗೊತ್ತಾಗುತ್ತೆ ಮಗಾ?” ಎಂದರು ಅಮ್ಮ. ಬಹಳ ಜನ ಎಡವುವುದು ಇಲ್ಲೇ. ಹೃದಯ ನಿಂತ ಮೇಲೂ ಕೆಲವರು ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಏದುತ್ತಾರೆ, ಗೊರಕೆಯ ಹಾಗೆ ಸದ್ದು ಬರುತ್ತದೆ. ನೀರಿನಿಂದ ತೆಗೆದ ಮೀನು ಬಾಯಿ ಬಿಡುವುದಿಲ್ವಾ, ಹಾಗೆ. ನೋಡಿದವರು ‘ಉಸಿರಾಡ್ತಿದ್ದಾರೆ’ ಅಂದುಕೊಂಡು ಸುಮ್ನೆ ಕಾಯುತ್ತಾರೆ. ಅದು ಉಸಿರಾಟವಲ್ಲ. ಎಚ್ಚರ ಇಲ್ಲ, ಎದೆ ಸರಿಯಾಗಿ ಏರಿ ಇಳಿಯುತ್ತಿಲ್ಲ ಎಂದರೆ ಉಸಿರು ಇಲ್ಲ ಎಂದೇ ಲೆಕ್ಕ. ನಾಡಿ ಹುಡುಕುತ್ತಾ ಕೂರುವುದು ಬೇಡ. ಬಾಯಿಗೆ ನೀರು ಹಾಕುವುದಂತೂ ಬೇಡವೇ ಬೇಡ.

ಕೂಡಲೇ 999ಕ್ಕೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಫೋನನ್ನು ನೆಲದ ಮೇಲೆ ತಲೆಯ ಪಕ್ಕ ಇಡಬೇಕು. 112 ಒತ್ತಿದರೂ ಅಲ್ಲಿಗೇ ಹೋಗುತ್ತದೆ. ಕರೆಗೆ ದುಡ್ಡಿಲ್ಲ. ಮೊದಲು ಎತ್ತಿಕೊಳ್ಳುವವರು ಪೊಲೀಸೋ, ಫೈರೋ, ಆಂಬುಲೆನ್ಸೋ ಎಂದು ಕೇಳುತ್ತಾರೆ. ಆಂಬುಲೆನ್ಸ್ ಎಂದರೆ ಬೇರೆಯವರಿಗೆ ಕೊಡುತ್ತಾರೆ, ಅವರು ಉಸಿರಾಟದ ಬಗ್ಗೆಯೇ ಮೊದಲು ಕೇಳುತ್ತಾರೆ. ಅಮ್ಮನಿಗೆ ನಾನು ಬಾಯಿಪಾಠ ಮಾಡಿಸಿದ್ದು ಮೂರೇ ಮಾತು: “ಆಂಬುಲೆನ್ಸ್”, “ನಾಟ್ ಬ್ರೀದಿಂಗ್”, “ಕನ್ನಡ ಇಂಟರ್‌ಪ್ರಿಟರ್”. ಫೋನಿನಲ್ಲೇ ಭಾಷಾಂತರ ಮಾಡುವವರನ್ನು ಸೇರಿಸುವ ವ್ಯವಸ್ಥೆ ಇಲ್ಲಿದೆ. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅವರು ಬರಲಿ ಎಂದು ಕಾಯದೆ ಒತ್ತುವುದನ್ನು ಶುರು ಮಾಡಬೇಕು. ಮನೆ ವಿಳಾಸ ಮತ್ತು ಪೋಸ್ಟ್‌ಕೋಡನ್ನು ಕನ್ನಡ ಅಕ್ಷರದಲ್ಲೂ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇನೆ. ಓದಿ ಹೇಳಿದರೆ ಸಾಕು. ನಮ್ಮೂರಲ್ಲಿ ಹೇಳುವ ಹಾಗೆ ‘ಅರಳಿಕಟ್ಟೆ ದಾಟಿ ಎಡಕ್ಕೆ ಬನ್ನಿ’ ಎಂದು ವಿವರಿಸುವ ಹೊತ್ತು ಇದಲ್ಲ.

ಇನ್ನು ಕೈ. ಬೆನ್ನ ಕೆಳಗೆ ಗಟ್ಟಿ ನೆಲ ಇರಬೇಕು. ಹಾಸಿಗೆ, ಸೋಫಾ ಮೇಲೆ ಒತ್ತಿದರೆ ಹಾಸಿಗೆ ತಗ್ಗುತ್ತದೆ, ಎದೆ ತಗ್ಗುವುದಿಲ್ಲ. ಪಕ್ಕದಲ್ಲಿ ಒತ್ತಾಗಿ ಮಂಡಿಯೂರಿ, ಒಂದು ಅಂಗೈಯ ಬುಡವನ್ನು ಎದೆಯ ನಡುಮಧ್ಯೆ, ಎದೆಮೂಳೆಯ ಕೆಳಗಿನ ಅರ್ಧದ ಮೇಲೆ ಇಡಬೇಕು. ಅದರ ಮೇಲೆ ಇನ್ನೊಂದು ಕೈ, ಬೆರಳು ಹೆಣೆದುಕೊಂಡು. ಎಡಗಡೆ ಹೃದಯ ಇದೆ ಎಂದು ಅಮ್ಮ ಕೈಯನ್ನು ಎಡಕ್ಕೆ ಜರುಗಿಸುತ್ತಿದ್ದರು. ಅಲ್ಲಲ್ಲ, ನಡುವೆಯೇ. ಮೂಳೆ ಮತ್ತು ಬೆನ್ನಿನ ಮಧ್ಯೆ ಹೃದಯ ಅಮುಕಿದಾಗಲೇ ರಕ್ತ ಹೊರಡುವುದು.

ಮೊಣಕೈ ಮಡಚಬಾರದು, ಭುಜ ಕೈಗಳ ನೇರ ಮೇಲೆ ಇರಬೇಕು. ತೋಳಿನ ಬಲದಿಂದ ಒತ್ತಿದರೆ ಬೇಗ ಸೋತುಬಿಡುತ್ತೀರಿ, ಮೈಭಾರ ಬಿಟ್ಟು ಒತ್ತಿದರೆ ಅಮ್ಮನಂಥ ಸಣ್ಣ ಆಳಿಗೂ ಆಗುತ್ತದೆ. ಆಳ 5ರಿಂದ 6 ಸೆಂಟಿಮೀಟರ್. ಕಡ್ಡಿಪೆಟ್ಟಿಗೆಯ ಉದ್ದದಷ್ಟು ಎಂದು ಅಮ್ಮನಿಗೆ ತೋರಿಸಿದೆ. ದಿಂಬಿನ ಮೇಲೆ ಅಭ್ಯಾಸ ಮಾಡುವಾಗ ಅದು ಸಲೀಸು, ನಿಜವಾದ ಎದೆ ಎಷ್ಟೋ ಗಟ್ಟಿ. ಪ್ರತಿ ಸಲ ಒತ್ತಿದ ಮೇಲೆ ಭಾರ ಪೂರ್ತಿ ಬಿಡಬೇಕು. ಎದೆ ಮೇಲೆದ್ದಾಗ ಹೃದಯಕ್ಕೆ ಮತ್ತೆ ರಕ್ತ ತುಂಬುತ್ತದೆ. ಸುಸ್ತಾದವರು ಗೊತ್ತಿಲ್ಲದೇ ಎದೆಯ ಮೇಲೆ ಒರಗಿಕೊಳ್ಳುತ್ತಾರೆ, ಆಗ ತುಂಬುವುದೇ ಇಲ್ಲ.

ವೇಗ ನಿಮಿಷಕ್ಕೆ 100ರಿಂದ 120. ಒಂದರಿಂದ ಹತ್ತರವರೆಗೆ ಎಣಿಸಿ ಮತ್ತೆ ಒಂದರಿಂದ ಶುರು ಮಾಡಿ, ಹನ್ನೊಂದು ಹನ್ನೆರಡು ಅಂತ ಹೋದರೆ ಪದ ಉದ್ದವಾಗಿ ಲಯ ತಪ್ಪುತ್ತದೆ. ಹತ್ತು ಒತ್ತುವುದಕ್ಕೆ 5ರಿಂದ 6 ಸೆಕೆಂಡ್ ಹಿಡಿದರೆ ಸರಿ. ಗೋಡೆ ಗಡಿಯಾರ ನೋಡಿಕೊಂಡು ಅಮ್ಮ ಎಣಿಸಿದಾಗ ಮೊದಲ ಸಲ 4 ಸೆಕೆಂಡಿಗೇ ಮುಗಿಸಿದರು. ಗಾಬರಿಯಲ್ಲಿ ಎಲ್ಲರೂ ಹೀಗೆ ಓಡುತ್ತಾರೆ, ಆಳ ಕಡಿಮೆಯಾಗುತ್ತದೆ. ಫೋನಿನಲ್ಲಿ ಇರುವವರೂ ಜೊತೆಗೆ ಎಣಿಸುತ್ತಾರೆ. ಭಾಷೆ ಅರ್ಥವಾಗದಿದ್ದರೂ ಆ ತಾಳ ಹಿಡಿಯಬಹುದು.

“ಪಕ್ಕೆಲುಬು ಮುರಿದ್ರೆ?” ಮುರಿಯಬಹುದು. ವಯಸ್ಸಾದವರಲ್ಲಿ ಲಟಕ್ ಎಂಬ ಸದ್ದು ಕೇಳಿಸುವುದೂ ಉಂಟು. ಕೈ ಜಾರಿಲ್ಲವಾ ನೋಡಿಕೊಂಡು ಮುಂದುವರಿಸಬೇಕು. ಮೂಳೆ ಕೂಡುತ್ತದೆ, ನಿಂತ ಹೃದಯ ತಾನಾಗಿ ಶುರುವಾಗುವುದಿಲ್ಲ.

ಬಾಯಿಗೆ ಬಾಯಿಟ್ಟು ಗಾಳಿ ಊದಬೇಕಾ ಎಂದೂ ಕೇಳಿದರು. ದೊಡ್ಡವರು ಇದ್ದಕ್ಕಿದ್ದಂತೆ ಬಿದ್ದಾಗ ಮೊದಲ ಕೆಲವು ನಿಮಿಷಕ್ಕೆ ಬೇಕಾದ ಆಮ್ಲಜನಕ ರಕ್ತದಲ್ಲಿ ಇರುತ್ತದೆ, ನಿಂತಿರುವುದು ಅದನ್ನು ಸಾಗಿಸುವ ಪಂಪು. ಅದಕ್ಕೇ ತರಬೇತಿ ಇಲ್ಲದವರು ಕೈಯಿಂದ ಒತ್ತುವುದು ಮಾತ್ರ ಮಾಡಲಿ ಎನ್ನುವುದು. ಮಕ್ಕಳು, ನೀರಲ್ಲಿ ಮುಳುಗಿದವರು, ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡವರ ವಿಷಯ ಬೇರೆ. ಅವರಿಗೆ ಉಸಿರು ಕೊಡುವುದೂ ಮುಖ್ಯ. ಹಾಗಿದ್ದರೆ ಫೋನಿನಲ್ಲಿ ಅದನ್ನೇ ಮೊದಲು ಹೇಳಿ, ಅವರು ದಾರಿ ತೋರಿಸುತ್ತಾರೆ.

ಇಬ್ಬರಿದ್ದರೆ 2 ನಿಮಿಷಕ್ಕೊಮ್ಮೆ ಬದಲಾಗಬೇಕು, ಬದಲಾಗುವಾಗ ಹೆಚ್ಚು ಹೊತ್ತು ನಿಲ್ಲಿಸಬಾರದು. ಇನ್ನೊಬ್ಬರು ಬಾಗಿಲು ತೆರೆದಿಟ್ಟು, ಹತ್ತಿರದ ಡಿಫಿಬ್ರಿಲೇಟರ್, ಅಂದರೆ ಹೃದಯಕ್ಕೆ ಶಾಕ್ ಕೊಡುವ ಯಂತ್ರ, ತರಲು ಓಡಲಿ. ಅಂಗಡಿ, ಸ್ಟೇಷನ್, ಹಳೇ ಫೋನ್ ಬೂತುಗಳ ಗೋಡೆಯಲ್ಲಿ ಅದರ ಪೆಟ್ಟಿಗೆ ಕಾಣುತ್ತದೆ. ಬೀಗ ಇದ್ದರೆ ಅದರ ಕೋಡನ್ನು 999ರವರೇ ಕೊಡುತ್ತಾರೆ. ಆನ್ ಮಾಡಿದರೆ ಅದು ಮಾತಾಡಿ ಹೇಳಿಕೊಡುತ್ತದೆ. ಪ್ಯಾಡು ಬರಿಮೈಗೆ ಅಂಟಬೇಕು, ಬಟ್ಟೆ ಕತ್ತರಿಸಲು ಸಂಕೋಚ ಬೇಡ. ಪ್ಯಾಡಿನ ಮೇಲಿನ ಚಿತ್ರದಲ್ಲಿ ತೋರಿಸಿದ ಜಾಗಕ್ಕೆ ಸರ ಅಡ್ಡ ಬಂದರೆ ಪಕ್ಕಕ್ಕೆ ಸರಿಸಿದರೆ ಸಾಕು. ಅಮ್ಮನಂತೆ ಒಬ್ಬರೇ ಇದ್ದರೆ ಅದನ್ನು ಹುಡುಕಿಕೊಂಡು ಹೋಗಬಾರದು, ಒತ್ತುತ್ತಲೇ ಇರಬೇಕು.

ಬ್ರಿಟಿಷ್ ಹಾರ್ಟ್ ಫೌಂಡೇಷನ್‌ನವರ ರಿವೈವರ್ ಎಂಬ ಉಚಿತ ಆನ್‌ಲೈನ್ ತರಬೇತಿ ಇದೆ, RevivR ಎಂದು ಹುಡುಕಿ. ಮೊಬೈಲು ಮತ್ತು ಒಂದು ದಿಂಬು ಇದ್ದರೆ 15 ನಿಮಿಷದಲ್ಲಿ ಮುಗಿಯುತ್ತದೆ. ಇಂಗ್ಲಿಷಿನಲ್ಲಿದೆ, ನೀವು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿಕೊಡಿ.

ಆಂಬುಲೆನ್ಸಿನವರು ಒಳಗೆ ಬಂದ ಕೂಡಲೇ ಕೈ ತೆಗೆದು ಎದ್ದು ನಿಲ್ಲುವವರು ಜಾಸ್ತಿ. ಅವರು ಪಕ್ಕದಲ್ಲಿ ಮಂಡಿಯೂರಿ, ನಿಲ್ಲಿಸಿ ಎಂದು ಕೈಯಲ್ಲಿ ತೋರಿಸುವ ತನಕ ಒತ್ತುತ್ತಿರಿ. ಎಷ್ಟು ಗಂಟೆಗೆ ಬಿದ್ದರು, ಯಾವ ಮಾತ್ರೆ ತಗೊಳ್ತಿದ್ದರು ಎಂದು ಕೇಳುತ್ತಾರೆ. ಅಪ್ಪನ ಮಾತ್ರೆಗಳ ಪಟ್ಟಿಯನ್ನು ನಾನು ಅದೇ ಫ್ರಿಜ್ ಮೇಲೆ, ಪೋಸ್ಟ್‌ಕೋಡಿನ ಕೆಳಗೆ ಅಂಟಿಸಿದ್ದೇನೆ.